ಉಳಿದ ಇನ್ಸುಲಿನ್ ಹಂಚಲು ಹೋದರೆ ಖಾತೆ ಏಕೆ ಹೋಗುತ್ತದೆ?

ಡೊಂಬಿವಲಿಯ ನಮ್ಮ ಕನ್ನಡ ಬಳಗದಲ್ಲಿ ಒಬ್ಬ ಅಕ್ಕ ಇದ್ದಾರೆ. ಮೂಲ ಧಾರವಾಡ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಹಬ್ಬ ಬಂದರೆ ಹೋಳಿಗೆ, ಇದೆಲ್ಲ ಮನೆಯಲ್ಲೇ ಮಾಡಿ ಮಾರುತ್ತಾರೆ. ಆರ್ಡರ್ ಬರುವುದು ಒಂದು ಸಾಮಾಜಿಕ ಜಾಲತಾಣದಲ್ಲಿರುವ ಅವರ ಪೇಜ್ ಮೂಲಕ. ಮಳೆಗಾಲ ಶುರುವಾಗುವ ಹೊತ್ತಿಗೆ ಅವರ ಅಪ್ಪ ತೀರಿಕೊಂಡರು. ಎಷ್ಟೋ ವರ್ಷದ ಸಕ್ಕರೆ ಕಾಯಿಲೆ. ಹದಿಮೂರನೇ ದಿನದ ಕಾರ್ಯ ಮುಗಿಸಿ ಫ್ರಿಜ್ ತೆಗೆದಾಗ ಬಾಗಿಲಿನ ಮೇಲಿನ ಖಾನೆಯಲ್ಲಿ ಇನ್ಸುಲಿನ್ ಪೆನ್‌ಗಳು ಕಂಡವು. ಐದು ಪೆನ್, ಒಂದನ್ನೂ ಬಳಸಿರಲಿಲ್ಲ. ಅವಧಿ ಮುಗಿಯಲು ಇನ್ನೂ ಒಂಬತ್ತು ತಿಂಗಳಿತ್ತು.

ಬಿಸಾಡಲು ಮನಸ್ಸು ಬರಲಿಲ್ಲ. ಫೋಟೋ ತೆಗೆದು ಊರಿನ ಜನರ ಗುಂಪಿನಲ್ಲಿ ಹಾಕಿದರು: 'ಅಪ್ಪನ ಇನ್ಸುಲಿನ್ ಐದು ಪೆನ್ ಉಳಿದಿವೆ. ಬೇಕಾದವರು ಮೆಸೇಜ್ ಮಾಡಿ, ಅರ್ಧ ಬೆಲೆ ಸಾಕು.' ಅರ್ಧ ಗಂಟೆಯಲ್ಲಿ ಪೋಸ್ಟ್ ಮಾಯವಾಯಿತು. ನಿರ್ಬಂಧಿತ ವಸ್ತು ಮಾರಾಟ ಅಂತ ಒಂದು ಎಚ್ಚರಿಕೆ ಬಂತು. ದುಡ್ಡು ಕೇಳಿದ್ದೇ ತಪ್ಪಾಯಿತೇನೋ ಅಂದುಕೊಂಡ ಅಕ್ಕ ಅದೇ ಫೋಟೋ ಮತ್ತೆ ಹಾಕಿ, 'ಉಚಿತ, ಯಾರಿಗಾದರೂ ಉಪಯೋಗವಾಗಲಿ' ಅಂತ ಬರೆದರು. ಮರುದಿನ ಬೆಳಗ್ಗೆ ಖಾತೆಯೇ ಇರಲಿಲ್ಲ. ಖಾತೆಯ ಜೊತೆಗೆ ಚಟ್ನಿಪುಡಿಯ ಪೇಜೂ ಕೈತಪ್ಪಿತು. ಆ ಪೇಜಿಗೆ ಅವರೊಬ್ಬರೇ ಅಡ್ಮಿನ್ ಆಗಿದ್ದರು.

ಇಂಥದ್ದು ನಡೆದಾಗಲೆಲ್ಲ ನಮ್ಮವರು ಕೇಳುವ ಪ್ರಶ್ನೆ ಒಂದೇ. 'ಫ್ರೀಯಾಗಿ ಕೊಟ್ಟರೂ ತಪ್ಪಾ?' ಔಷಧದ ಮಟ್ಟಿಗೆ ಉತ್ತರ 'ಹೌದು.' ಜಾಲತಾಣದ ನಿಯಮದಲ್ಲೂ ಹೌದು, ದೇಶದ ಕಾನೂನಿನಲ್ಲೂ ಹೌದು. ಏಕೆ ಅನ್ನುವುದು ಗೊತ್ತಿಲ್ಲದ್ದರಿಂದಲೇ ಜನ ಎರಡನೇ ಪೋಸ್ಟ್ ಹಾಕುತ್ತಾರೆ, ಮೇಲ್ಮನವಿಯಲ್ಲೂ ತಪ್ಪು ಮಾತು ಬರೆಯುತ್ತಾರೆ.

ಮೊದಲು ನಿಯಮ ನೋಡೋಣ. ದೊಡ್ಡ ಜಾಲತಾಣಗಳ ನಿಯಮಗಳು ಹತ್ತಿರ ಹತ್ತಿರ ಒಂದೇ ತರಹ ಇವೆ. ಉದಾಹರಣೆಗೆ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯದು. ಔಷಧವನ್ನು ಕೊಳ್ಳುವುದು, ಮಾರುವುದು, ಬದಲಿಸಿಕೊಳ್ಳುವುದು ಕೂಡದು ಅನ್ನುವ ಸಾಲಿನ ಜೊತೆಗೆ ಅಲ್ಲಿ ಇನ್ನೊಂದು ಸಾಲೂ ಇದೆ: ದಾನವಾಗಿ ಅಥವಾ ಉಡುಗೊರೆಯಾಗಿ ಕೊಡುವುದೂ ಕೂಡದು. 'ಯಾರ ಹತ್ತಿರವಾದರೂ ಇದೆಯಾ, ಕೊಡಿ' ಅಂತ ಕೇಳುವುದಕ್ಕೂ ತಡೆ ಇದೆ. ಔಷಧ ದುಬಾರಿ, ಸಿಗುತ್ತಿಲ್ಲ, ಕೆಲಸ ಮಾಡುತ್ತಾ ಇಲ್ಲವಾ ಅಂತ ಚರ್ಚೆ ಮಾಡಬಹುದು. ಕೈಯಿಂದ ಕೈಗೆ ದಾಟಿಸುವ ಮಾತು ಬಂದರೆ ಅಲ್ಲಿಗೆ ನಿಂತಿತು. ಹಾಗಾಗಿ ಅಕ್ಕನ ಎರಡನೇ ಪೋಸ್ಟ್ ಮೊದಲನೆಯದನ್ನು ಸರಿಪಡಿಸಲಿಲ್ಲ. ಎಚ್ಚರಿಕೆ ಬಂದ ಮೇಲೂ ಅದೇ ತಪ್ಪನ್ನು ಮತ್ತೆ ಮಾಡಿದ ಲೆಕ್ಕವಾಯಿತು.

ವಾಟ್ಸ್ಆ್ಯಪ್ ಬಿಸಿನೆಸ್‌ನ ವ್ಯಾಪಾರ ನಿಯಮದಲ್ಲೂ ಔಷಧ, ಮದ್ಯ, ತಂಬಾಕು, ಪ್ರಾಣಿಗಳು ಎಲ್ಲ ಒಂದೇ ಪಟ್ಟಿಯಲ್ಲಿವೆ. 'ಮೆಸೇಜ್ ಯಾರೂ ಓದಲು ಆಗುವುದಿಲ್ಲ ಅಂತಾರಲ್ಲ, ಅವರಿಗೆ ಹೇಗೆ ಗೊತ್ತಾಗುತ್ತದೆ?' ಅಂತ ಒಬ್ಬರು ಕೇಳಿದ್ದರು. ಇಬ್ಬರ ನಡುವಿನ ಮೆಸೇಜ್ ಕಂಪನಿಗೆ ಕಾಣುವುದಿಲ್ಲ, ನಿಜ. ಆದರೆ ಬಿಸಿನೆಸ್ ಖಾತೆಯ ಕ್ಯಾಟಲಾಗ್, ಪ್ರೊಫೈಲ್ ಫೋಟೋ, ವಿವರ ಇವು ಕಾಣುತ್ತವೆ. ಕ್ಯಾಟಲಾಗ್‌ಗೆ ಹಾಕಿದ ಪ್ರತಿ ವಸ್ತುವೂ ಪರಿಶೀಲನೆಗೆ ಹೋಗುತ್ತದೆ. ಇನ್ನು ಯಾರಾದರೂ ನಿಮ್ಮ ಖಾತೆಯನ್ನು ರಿಪೋರ್ಟ್ ಮಾಡಿದರೆ, ಆ ಮಾತುಕತೆಯ ಕೊನೆಯ ಐದು ಮೆಸೇಜ್ ಕಂಪನಿಗೆ ತಲುಪುತ್ತವೆ. ಅಷ್ಟು ಸಾಕು.

ಈಗ ಕಾನೂನು. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯ 18ನೇ ಕಲಮಿನ (ಸಿ) ಉಪಕಲಮು ಹೇಳುವುದು ಇಷ್ಟು: ಲೈಸೆನ್ಸ್ ಇಲ್ಲದೆ ಯಾರೂ ಔಷಧವನ್ನು ಮಾರಬಾರದು, ಮಾರಾಟಕ್ಕೆ ಇಡಬಾರದು, ಮಾರಲು ಮುಂದೆ ಬರಬಾರದು, ಹಂಚಬಾರದು. ಕೊನೆಯ ಪದವನ್ನು ಗಮನಿಸಿ. ಹಂಚುವುದಕ್ಕೆ ಬೆಲೆ ಬೇಕಾಗಿಲ್ಲ. ಲೈಸೆನ್ಸ್ ಇಲ್ಲದೆ ಹೀಗೆ ಮಾಡಿದ್ದು ರುಜುವಾತಾದರೆ ಕಾಯ್ದೆಯಲ್ಲಿರುವ ಶಿಕ್ಷೆ 3ರಿಂದ 5 ವರ್ಷ ಜೈಲು, ಮೇಲೆ ಕನಿಷ್ಠ 1 ಲಕ್ಷ ರೂಪಾಯಿ ದಂಡ. ಈ ಕಲಮು ಕಳ್ಳ ವ್ಯಾಪಾರದವರನ್ನು ಹಿಡಿಯಲು ಬರೆದದ್ದು, ಅಪ್ಪನನ್ನು ಕಳೆದುಕೊಂಡ ಮಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದಲ್ಲ. ಆದರೆ ಅಕ್ಷರದಲ್ಲಿ ಆ ಮಗಳಿಗೆ ವಿನಾಯಿತಿ ಇಲ್ಲ. ಜಾಲತಾಣದವರು ತಮ್ಮ ನಿಯಮ ಬರೆಯುವಾಗ ನೋಡುವುದೂ ಅಕ್ಷರವನ್ನೇ.

'ಹಾಗಾದರೆ ಆ್ಯಪ್‌ಗಳು ದಿನಾ ಮನೆಗೆ ಔಷಧಿ ತಂದು ಕೊಡುತ್ತವಲ್ಲ?' ಇದೂ ನ್ಯಾಯವಾದ ಪ್ರಶ್ನೆಯೇ. ಆ ಡಬ್ಬಿ ಲೈಸೆನ್ಸ್ ಇರುವ ಯಾವುದೋ ಔಷಧ ಅಂಗಡಿಯ ಬಿಲ್ಲಿನಲ್ಲೇ ಹೊರಡಬೇಕು. ಆನ್‌ಲೈನ್ ಔಷಧ ಮಾರಾಟಕ್ಕೆ ಅಂತಲೇ ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ಕರಡು ನಿಯಮ ತಂದಿತು. ಅದು ವರ್ಷಗಟ್ಟಲೆ ಕರಡಾಗಿಯೇ ಉಳಿಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಲೈಸೆನ್ಸ್ ಇಲ್ಲದ ಆನ್‌ಲೈನ್ ಮಾರಾಟ ನಿಲ್ಲಿಸಿ ಅಂತ ಆದೇಶ ಕೊಟ್ಟಿತು. ಕೋವಿಡ್ ಬಂದಾಗ, 2020ರ ಮಾರ್ಚ್‌ನಲ್ಲಿ, ಲೈಸೆನ್ಸ್ ಇರುವ ಅಂಗಡಿಯವರು ಮನೆಗೆ ತಲುಪಿಸಬಹುದು ಅಂತ ಅಧಿಸೂಚನೆ ಬಂತು. ಈ ದಾರಿಯಲ್ಲಿ ಯಾವ ಕಡೆ ನೋಡಿದರೂ ಒಂದು ಅಂಗಡಿ, ಒಂದು ಲೈಸೆನ್ಸ್ ಸಂಖ್ಯೆ, ಒಬ್ಬ ಫಾರ್ಮಸಿಸ್ಟ್ ಇರಲೇಬೇಕು. ನಮ್ಮ ಅಕ್ಕನ ಫ್ರಿಜ್ಜಿಗೆ ಇದ್ಯಾವುದೂ ಇಲ್ಲ.

ಇಷ್ಟು ಹೇಳಿದರೆ ನಿಯಮ ಏನು ಅಂತ ಗೊತ್ತಾಯಿತು. ನಿಯಮ ಯಾಕೆ ಇಷ್ಟು ಬಿಗಿ ಅಂತ ತಿಳಿಯಬೇಕಾದರೆ ಆ ಐದು ಪೆನ್ನುಗಳನ್ನೇ ಹತ್ತಿರದಿಂದ ನೋಡಬೇಕು. ನನಗೂ ಇದು ಸರಿಯಾಗಿ ಅರ್ಥವಾದದ್ದು ಹಾಗೆ ನೋಡಿದ ಮೇಲೆಯೇ.

ಬಳಸದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಹೆಪ್ಪುಗಟ್ಟಬಾರದು. ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ಅದರ ಶಕ್ತಿ ಹೋಗುತ್ತದೆ. ಅಪ್ಪ ಬಳಸುತ್ತಿದ್ದದ್ದು ದಿನಕ್ಕೊಮ್ಮೆ ತೆಗೆದುಕೊಳ್ಳುವ ಗ್ಲಾರ್ಜಿನ್ ಅನ್ನುವ ಬಗೆ. ಅದು ನೀರಿನ ಹಾಗೆ ತಿಳಿಯಾಗಿರುತ್ತದೆ. ಕೆಟ್ಟ ಮೇಲೂ ತಿಳಿಯಾಗಿಯೇ ಕಾಣಬಹುದು. ಹಾಲಿನಂತೆ ಬೆಳ್ಳಗಿರುವ ಹಳೆಯ ಬಗೆಯ ಇನ್ಸುಲಿನ್ ಆದರೆ ಕೆಲವೊಮ್ಮೆ ಗಂಟುಗಂಟಾಗಿ ಸುಳಿವು ಕೊಡುತ್ತದೆ. ಇದರಲ್ಲಿ ಆ ಸುಳಿವೂ ಸಿಗದೆ ಇರಬಹುದು. ಅವಧಿ ಮುಗಿಯುವ ದಿನಾಂಕ ಡಬ್ಬಿಯ ಮೇಲೆ ಇರುತ್ತದೆ. ಆದರೆ ಅದು ತಂಪಿನಲ್ಲಿ ಇಟ್ಟಿದ್ದರೆ ಮಾತ್ರ ನಂಬಬಹುದಾದ ದಿನಾಂಕ. ಅಪ್ಪ ಆಸ್ಪತ್ರೆಯಲ್ಲಿದ್ದ ಆ ಹತ್ತು ದಿನ ಮನೆಗೆ ಬೀಗ ಹಾಕಿತ್ತು. ಮಳೆಗೆ ಎಷ್ಟು ಸಲ ಕರೆಂಟ್ ಹೋಯಿತು, ಎಷ್ಟು ಹೊತ್ತು ಹೋಯಿತು, ಯಾರಿಗೂ ಗೊತ್ತಿಲ್ಲ.

ತೆಗೆದುಕೊಂಡವರಿಗೆ ಅಂಥ ಪೆನ್ ಸಿಕ್ಕಿದರೆ ಏನಾಗುತ್ತದೆ? ಎಂದಿನ ಹಾಗೆ ಚುಚ್ಚಿಕೊಳ್ಳುತ್ತಾರೆ, ಸಕ್ಕರೆ ಇಳಿಯುವುದಿಲ್ಲ. ಅನ್ನ ಜಾಸ್ತಿ ಆಯಿತೇನೋ ಅಂದುಕೊಳ್ಳುತ್ತಾರೆ. ಪ್ರಮಾಣ ಹೆಚ್ಚಿಸುತ್ತಾರೆ. ಆಮೇಲೆ ಒಂದು ದಿನ ಒಳ್ಳೆಯ ಪೆನ್ ಕೈಗೆ ಬರುತ್ತದೆ, ಹೆಚ್ಚಿಸಿದ ಪ್ರಮಾಣ ಹಾಗೇ ಇರುತ್ತದೆ. ಆಗ ಸಕ್ಕರೆ ದಿಢೀರ್ ಕುಸಿಯುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ನಮ್ಮ ದೇಶದಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಗಾಢತೆಯಲ್ಲಿ ಸಿಗುತ್ತದೆ. ಬಾಟಲಿಯಲ್ಲಿ ಬರುವ ಅಗ್ಗದ ಇನ್ಸುಲಿನ್‌ನಲ್ಲಿ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್ ಇರುತ್ತದೆ. ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಪೆನ್ನಿನಲ್ಲಿ ಸಾಮಾನ್ಯವಾಗಿ ಒಂದು ಎಂಎಲ್‌ಗೆ 100 ಯೂನಿಟ್. ಮೂರು ಎಂಎಲ್‌ನ ಒಂದು ಪೆನ್ ಅಂದರೆ 300 ಯೂನಿಟ್. 100ರ ಇನ್ಸುಲಿನ್‌ಗೆ ಬೇರೆಯೇ ಸಿರಿಂಜ್, ಅದಕ್ಕೆ ಕಿತ್ತಳೆ ಮುಚ್ಚಳ. ಈಗ ಒಬ್ಬ ಬಡ ರೋಗಿಯನ್ನು ನೆನಸಿಕೊಳ್ಳಿ. ಅವರು ಇಷ್ಟು ದಿನ ಬಾಟಲಿ ಬಳಸಿದವರು, ಮನೆಯಲ್ಲಿ ಕೆಂಪು ಮುಚ್ಚಳದ ಸಿರಿಂಜ್ ಇದೆ. ಉಚಿತ ಪೆನ್ ಸಿಕ್ಕಿತು, ಆದರೆ ಪೆನ್ನಿನ ಸೂಜಿ ಬೇರೆ ಕೊಳ್ಳಬೇಕು. ಯಾಕೆ ಖರ್ಚು ಅಂತ ಸಿರಿಂಜಿನಿಂದಲೇ ಪೆನ್ನಿನ ಔಷಧ ಎಳೆದುಕೊಳ್ಳುತ್ತಾರೆ. ಡಾಕ್ಟರು ಹೇಳಿದ್ದು 10 ಯೂನಿಟ್, ಸಿರಿಂಜಿನ 10ರ ಗೆರೆಯವರೆಗೆ ಎಳೆದರು. ಕೆಂಪು ಸಿರಿಂಜಿನಲ್ಲಿ 10ರ ಗೆರೆ ಅಂದರೆ ಕಾಲು ಎಂಎಲ್. ಪೆನ್ನಿನ ಕಾಲು ಎಂಎಲ್‌ನಲ್ಲಿ ಇರುವುದು 25 ಯೂನಿಟ್. ಹತ್ತು ಬೇಕಾದವರ ಮೈಗೆ ಇಪ್ಪತ್ತೈದು ಹೋಯಿತು. ರಾತ್ರಿ ಮಲಗಿದವರಿಗೆ ಬೆವರು, ನಡುಕ, ಮಂಪರು ಬರುತ್ತದೆ. ಪಕ್ಕದಲ್ಲಿ ಗೊತ್ತಿರುವವರು ಇಲ್ಲದಿದ್ದರೆ ಜೀವಕ್ಕೇ ಕುತ್ತು.

ಔಷಧ ಅಂಗಡಿಯ ಕೌಂಟರಿನಲ್ಲಿ ನಿಂತವರು ಚೀಟಿ ನೋಡಿ, 'ಇದು ಪೆನ್, ಸೂಜಿ ತಗೊಂಡ್ರಾ?' ಅಂತ ಕೇಳುವ ಒಂದು ಮಾತು ಈ ಅನಾಹುತ ತಪ್ಪಿಸುತ್ತದೆ. ಬಿಲ್ಲಿನ ಮೇಲೆ ಬ್ಯಾಚ್ ಸಂಖ್ಯೆ ಇರುವುದರಿಂದ, ಆ ಬ್ಯಾಚ್ ಕೆಟ್ಟಿದೆ ಅಂತ ಗೊತ್ತಾದರೆ ವಾಪಸ್ ಕರೆಸಲೂ ದಾರಿ ಇರುತ್ತದೆ. ಜಾಲತಾಣದ ಪೋಸ್ಟಿನಲ್ಲಿ ಆ ಮಾತು ಕೇಳುವವರೂ ಇಲ್ಲ, ಆ ಸಂಖ್ಯೆ ಬರೆದಿಡುವವರೂ ಇಲ್ಲ. ಅಕ್ಕನ ಒಳ್ಳೆಯ ಮನಸ್ಸಿನ ಬಗ್ಗೆ ನನಗೆ ಒಂದಿಷ್ಟೂ ಅನುಮಾನ ಇಲ್ಲ. ಆದರೂ ಆ ಪೋಸ್ಟ್ ಹೋದದ್ದು ಒಳ್ಳೆಯದೇ ಆಯಿತು ಅಂತ ಈ ಲೆಕ್ಕ ನೋಡಿದ ಮೇಲೆ ನನಗೆ ಅನಿಸಿತು. ಖಾತೆಯೇ ಹೋದದ್ದು ಮಾತ್ರ ಸರಿಯಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಬೆಲೆ ತೆಗೆದುಬಿಟ್ಟರೆ ಸರಿಹೋಗುವ ವಸ್ತುವೂ ಇದೆ, ಅದಕ್ಕೇ ಜನ ಗೊಂದಲಕ್ಕೆ ಬೀಳುವುದು. ಪುಣೆಯ ನಮ್ಮವರ ಗುಂಪಿನಲ್ಲಿ ನಾಯಿಮರಿಗಳ ಪೋಸ್ಟ್ ಆಗಾಗ ಬರುತ್ತದೆ. ಫೇಸ್‌ಬುಕ್‌ನಲ್ಲಿ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಸಾಕುಪ್ರಾಣಿ ಮಾರುವ ಹಾಗಿಲ್ಲ. ಆದರೆ ಮನೆ ಹುಡುಕಿಕೊಡುವುದು, ದತ್ತು ಕೊಡುವುದು ನಡೆಯುತ್ತದೆ. ನಿಜವಾದ ಅಂಗಡಿ ಇರುವವರಿಗೂ ಅವಕಾಶ ಇದೆ. ಕಾನೂನೂ ಸುಮಾರು ಇದೇ ಕಡೆ ನಿಂತಿದೆ. 2017ರ ನಾಯಿ ತಳಿ ಸಾಕಣೆ ನಿಯಮದ ಪ್ರಕಾರ ಮರಿ ಹುಟ್ಟಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ನಮ್ಮ ನಾಡಿನ ಗಿಳಿ, ನಕ್ಷತ್ರ ಆಮೆಯ ಮಾತೇ ಬೇರೆ. ಅವು ವನ್ಯಜೀವಿ ಕಾಯ್ದೆಯಡಿ ರಕ್ಷಣೆ ಇರುವ ಜೀವಿಗಳು. ಕೊಂಡರೂ ತಪ್ಪು, ಸುಮ್ನೆ ಕೊಟ್ಟರೂ ತಪ್ಪು, ಪಂಜರದಲ್ಲಿ ಇಟ್ಟುಕೊಂಡರೂ ತಪ್ಪು.

ಮದ್ಯದಲ್ಲಿ ಗೊಂದಲ ಬರುವುದು ರಾಜ್ಯದ ಗಡಿಯಿಂದ. ಗೋವಾದ ಅಂಗಡಿಯಲ್ಲಿ ನ್ಯಾಯವಾಗಿ ಕೊಂಡ ಬಾಟಲಿ ಗಡಿ ದಾಟಿ ಸಿಂಧುದುರ್ಗದ ಬಾಂದಾಕ್ಕೆ ಬಂದರೆ ಮಹಾರಾಷ್ಟ್ರದ 1949ರ ಪಾನನಿರೋಧ ಕಾಯ್ದೆಯ ಕೈಗೆ ಸಿಗುತ್ತದೆ. ಪರವಾನಗಿ ಇಲ್ಲದೆ ತರುವುದು, ಮಾರುವುದು ಎರಡೂ ಅಪರಾಧ. ಮಡಗಾಂವ್‌ನಿಂದ ಪುಣೆಗೆ ಬರುವವರು 'ಫೆನಿ ಬೇಕಾದವರು ಹೇಳಿ' ಅಂತ ಗುಂಪಿನಲ್ಲಿ ಬರೆಯುವುದು ಅವರಿಗೆ ಸ್ನೇಹದ ಮಾತು. ಕಾನೂನಿಗೆ ಅದು ಲೈಸೆನ್ಸ್ ಇಲ್ಲದ ವ್ಯಾಪಾರದ ಪ್ರಸ್ತಾಪ. ಫೇಸ್‌ಬುಕ್ ಇಲ್ಲಿ ಅಂಗಡಿಯವರಿಗೆ ವಿನಾಯಿತಿ ಕೊಡುತ್ತದೆ, ಒಬ್ಬೊಬ್ಬ ವ್ಯಕ್ತಿಗೆ ಕೊಡುವುದಿಲ್ಲ. ಯಾವ ಬಾಟಲಿ ಯಾವ ಗಡಿ ದಾಟಿತು ಅಂತ ಪೋಸ್ಟ್ ನೋಡಿ ಹೇಳಲು ಯಾರಿಗೂ ಆಗದು.

ಈಗ ಖಾತೆಯ ವಿಷಯ. ಅಕ್ಕ ಮೊದಲು ಬರೆದ ಮೇಲ್ಮನವಿ ಹೀಗಿತ್ತು: 'ನಾನು ಮಾರಲಿಲ್ಲ, ಉಚಿತವಾಗಿ ಕೊಡಲು ಹಾಕಿದ್ದೆ.' ಇದನ್ನು ಓದಿದವರಿಗೆ ಬೇರೆ ಪುರಾವೆಯೇ ಬೇಡ. ದಾನವೂ ಕೂಡದು ಅನ್ನುವ ನಿಯಮದ ಮುಂದೆ ಇದು ತಪ್ಪೊಪ್ಪಿಗೆ. ಒಂದೇ ದಿನದಲ್ಲಿ ತಿರಸ್ಕಾರ ಬಂತು. ಹೀಗೆ ಬರೆದು ಅವಕಾಶ ಕಳೆದುಕೊಂಡವರನ್ನು ನಾನು ಇನ್ನೂ ನೋಡಿದ್ದೇನೆ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತಿದ್ದೇನೆ.

ಅಲ್ಲಿಗೆ ಮುಗಿಯಲಿಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮದ ಪ್ರಕಾರ ಪ್ರತಿ ಜಾಲತಾಣವೂ ದೂರು ಅಧಿಕಾರಿಯನ್ನು ಇಟ್ಟಿರಬೇಕು, ಅವರ ಹೆಸರು ಮತ್ತು ಸಂಪರ್ಕವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿರಬೇಕು. ದೂರು ಬಂತು ಅಂತ 24 ಗಂಟೆಯೊಳಗೆ ತಿಳಿಸಬೇಕು. ಇತ್ಯರ್ಥಕ್ಕೆ ನಿಯಮ ಬಂದಾಗ 15 ದಿನ ಕೊಟ್ಟಿದ್ದರು. ಇದು ಆ್ಯಪ್‌ನೊಳಗಿನ ಮೇಲ್ಮನವಿಗಿಂತ ಬೇರೆ ದಾರಿ. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ದೊಡ್ಡ ಜಾಲತಾಣ ತಾನಾಗಿ ಏನನ್ನಾದರೂ ತೆಗೆದುಹಾಕಿದರೆ ಕಾರಣ ತಿಳಿಸಬೇಕು, ಪ್ರಶ್ನಿಸಲು ಅವಕಾಶ ಕೊಡಬೇಕು. ಅಕ್ಕನಿಗೆ ಸಿಕ್ಕ ಕಾರಣ ಒಂದೇ ಸಾಲು, ಯಾವ ಪೋಸ್ಟಿಗೆ ಅಂತಲೂ ಇರಲಿಲ್ಲ.

ದೂರು ಅಧಿಕಾರಿಯ ಉತ್ತರ ಸಮಾಧಾನ ತರದಿದ್ದರೆ ಕೇಂದ್ರ ಸರ್ಕಾರ ನೇಮಿಸಿದ ಮೇಲ್ಮನವಿ ಸಮಿತಿ ಇದೆ. ಉತ್ತರ ಬಂದ 30 ದಿನದೊಳಗೆ gac.gov.in ತಾಣದಲ್ಲಿ ಹಾಕಬೇಕು. ಇದು 2023ರ ಮಾರ್ಚ್‌ನಿಂದ ನಡೆಯುತ್ತಿದೆ. ಎಲ್ಲ ಆನ್‌ಲೈನ್, ಕಚೇರಿಗೆ ಅಲೆಯಬೇಕಾಗಿಲ್ಲ. ಇಲ್ಲಿ ಬಹಳ ಜನ ಎಡವುವುದು ಒಂದೇ ಕಡೆ: ದೂರು ಅಧಿಕಾರಿಗೆ ಬರೆಯದೆ ನೇರವಾಗಿ ಸಮಿತಿಗೆ ಹೋಗುತ್ತಾರೆ. ಅಧಿಕಾರಿಯ ಉತ್ತರದ ಪ್ರತಿ ಕೈಯಲ್ಲಿ ಇಲ್ಲದಿದ್ದರೆ ಆ ಬಾಗಿಲು ಸುಲಭವಾಗಿ ತೆಗೆಯುವುದಿಲ್ಲ.

ಬಳಗದ ಇಬ್ಬರು ಕೂತು ಅಕ್ಕನಿಗೆ ಎರಡನೇ ಪತ್ರ ಬರೆದುಕೊಟ್ಟೆವು. ಅದರಲ್ಲಿ ಔಷಧ ಕೊಡಲು ಹೋದದ್ದು ಸರಿ ಅಂತ ವಾದಿಸಲಿಲ್ಲ. ನಿಯಮ ಗೊತ್ತಿರಲಿಲ್ಲ, ಎರಡೂ ಪೋಸ್ಟ್ ಒಂದೇ ವಸ್ತುವಿನವು, ಒಂದು ಪೆನ್ನೂ ಯಾರಿಗೂ ದಾಟಿಲ್ಲ, ಅದಕ್ಕೂ ಮೊದಲು ಇಂಥ ಎಚ್ಚರಿಕೆ ಬಂದದ್ದಿಲ್ಲ ಅಂತ ಬರೆದೆವು. ಪೇಜಿನಲ್ಲಿ ಇರುವುದು ಮನೆಯಲ್ಲಿ ಮಾಡಿದ ತಿಂಡಿ ಮಾತ್ರ, ಅದಕ್ಕೆ ಆಹಾರ ಸುರಕ್ಷತಾ ನೋಂದಣಿ ಇದೆ ಅಂತ ಸಂಖ್ಯೆ ಹಾಕಿದೆವು. ಶಿಕ್ಷೆ ತಪ್ಪಿಗೆ ತಕ್ಕಷ್ಟು ಇರಲಿ, ಜೀವನದ ದಾರಿಯನ್ನೇ ಮುಚ್ಚಬೇಡಿ ಅಂತ ಕೇಳಿದೆವು. ಪೋಸ್ಟ್ ತೆಗೆದದ್ದು ಕಾನೂನಿಗೆ ತಕ್ಕದ್ದೇ. ಆದರೆ ಮಾತ್ರೆಯ ಕಳ್ಳ ವ್ಯಾಪಾರ ಮಾಡುವವರಿಗೂ ಈ ಅಕ್ಕನಿಗೂ ಒಂದೇ ಶಿಕ್ಷೆ ಬಿದ್ದರೆ ಆ ವ್ಯವಸ್ಥೆ ತಪ್ಪನ್ನು ಅಳೆಯುತ್ತಲೇ ಇಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಹದಿನೆಂಟು ದಿನದ ಮೇಲೆ ಖಾತೆ ಮರಳಿತು. ಶ್ರಾವಣದ ಆರ್ಡರ್‌ಗಳು ಅಷ್ಟರಲ್ಲಿ ಬೇರೆಯವರ ಪಾಲಾಗಿದ್ದವು. ಅಕ್ಕ ಮೊದಲು ಮಾಡಿದ ಕೆಲಸ, ಸೊಸೆಯನ್ನು ಪೇಜಿಗೆ ಎರಡನೇ ಅಡ್ಮಿನ್ ಮಾಡಿದ್ದು.

ಪೆನ್ನುಗಳು? ಅವನ್ನು ಐಸ್ ಚೀಲದಲ್ಲಿಟ್ಟು ಅಕ್ಕ ಅಪ್ಪನನ್ನು ನೋಡುತ್ತಿದ್ದ ಡಾಕ್ಟರ ಹತ್ತಿರ ಹೋದರು. ನೋಂದಾಯಿತ ವೈದ್ಯರು ತಮ್ಮದೇ ರೋಗಿಗೆ ಔಷಧ ಕೊಡಲು ಔಷಧ ನಿಯಮಗಳಲ್ಲಿ ವಿನಾಯಿತಿ ಇದೆ. ಹಾಗಾಗಿ ಉಳಿದ ಔಷಧಕ್ಕೆ ಮೊದಲು ತಟ್ಟಬೇಕಾದ ಬಾಗಿಲು ಅದೇ. ತೆರೆಯದ ಮಾತ್ರೆ ಸ್ಟ್ರಿಪ್ ಆದರೆ ಬಿಲ್ ಸಮೇತ ಕೊಂಡ ಅಂಗಡಿಗೆ ಹೋಗಿ ಕೇಳಿ ನೋಡಬಹುದು. ಫ್ರಿಜ್ಜಿನ ಔಷಧವನ್ನು ಅಂಗಡಿಯವರು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಕಾರಣ ಈಗಾಗಲೇ ನೋಡಿದೆವು.

ಡಾಕ್ಟರು ಪೆನ್ನುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಐದೂ ತಿಳಿಯಾಗಿದ್ದವು. 'ಮನೆಗೆ ಬೀಗ ಹಾಕಿದಾಗ ಫ್ರಿಜ್ ನಡೀತಾ ಇತ್ತಾ?' ಅಂತ ಕೇಳಿದರು. ಗೊತ್ತಿಲ್ಲ ಅಂದರು ಅಕ್ಕ. 'ಹಾಗಾದ್ರೆ ನಾನು ಯಾರಿಗೂ ಕೊಡೋಕಾಗಲ್ಲಮ್ಮ' ಅಂದು, ಐದನ್ನೂ ಕ್ಲಿನಿಕ್ಕಿನ ವೈದ್ಯಕೀಯ ಕಸದ ಹಳದಿ ಚೀಲಕ್ಕೆ ಹಾಕಿದರು. ಮನೆಯಲ್ಲಿ ಬಳಸಿದ ಸೂಜಿಗಳೂ ಇವೆ ಅಂತ ಅಕ್ಕ ಹೇಳಿದಾಗ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದು ತನ್ನಿ, ಕಸದ ಬುಟ್ಟಿಗೆ ಹಾಕಬೇಡಿ ಅಂದರು. ಮರುದಿನ ಅಕ್ಕ ಚಟ್ನಿಪುಡಿಯ ಖಾಲಿ ಡಬ್ಬಿಯೊಂದರಲ್ಲಿ ಸೂಜಿಗಳನ್ನು ತುಂಬಿಕೊಂಡು ಹೋಗಿ ಕೊಟ್ಟು ಬಂದರು.